ಷೇರಿನ ಮೇಲೆ ಸಾಲ: ಮಾರ್ಜಿನ್ ಕಾಲ್ ಬಂದಾಗ ಆಗುವುದೇನು?

ಕಲಬುರಗಿಯ ಗಂಜಿನಲ್ಲಿ ಗೋದಾಮಿನ ತೊಗರಿಯನ್ನು ಒತ್ತೆಯಿಟ್ಟು ಸಾಲ ತರುವ ವ್ಯಾಪಾರಿಗೆ ಮಾರ್ಜಿನ್ ಎಂಬ ಮಾತು ಹೊಸದೇನಲ್ಲ. ದರ ಬಿದ್ದರೆ ಬ್ಯಾಂಕು ಇನ್ನಷ್ಟು ಹಣ ಕೇಳುತ್ತದೆ, ಆದರೆ ಮಾಲು ಮಾರಲು ಕೆಲವು ದಿನವಾದರೂ ಸಿಗುತ್ತದೆ. ಸಾಲ ತೆಗೆದು ಷೇರು ಕೊಂಡವರಿಗೆ ಅಷ್ಟು ಬಿಡುವು ಸಿಗುವುದು ಅಪರೂಪ.

ಮುಂಬೈ ಪೇಟೆಯಲ್ಲಿ ಮೊದಲು ಈ ಕೆಲಸವನ್ನು ‘ಬದ್ಲಾ’ ಮಾಡುತ್ತಿತ್ತು. ಕೊಂಡ ಷೇರಿಗೆ ಹಣ ಕೊಡಲಾಗದವನು ಬಡ್ಡಿಯಂಥ ಶುಲ್ಕ ತೆತ್ತು ವ್ಯವಹಾರವನ್ನು ಮುಂದಿನ ಲೆಕ್ಕಕ್ಕೆ ದೂಡುತ್ತಿದ್ದ. ಹೀಗೆ ದೂಡುತ್ತಾ ಹೋದರೆ ಸಾಲ ಎಷ್ಟು ಬೆಳೆದಿದೆ ಎಂಬುದು ಬೆಲೆ ಕುಸಿದ ದಿನವೇ ಬಯಲಾಗುವುದು. 2001ರ ಮಾರ್ಚ್‌ನಲ್ಲಿ ಷೇರು ದಲ್ಲಾಳಿ ಕೇತನ್ ಪಾರೇಖ್‌ನ ಹಗರಣ ಹೊರಬಿದ್ದಾಗ ಕಲ್ಕತ್ತಾ ಷೇರುಪೇಟೆಯಲ್ಲಿ ಹಣ ಪಾವತಿಯೇ ಬಿಕ್ಕಟ್ಟಿಗೆ ಸಿಲುಕಿತು. ಅದೇ ವರ್ಷದ ಜುಲೈನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಬದ್ಲಾ ನಿಲ್ಲಿಸಿತು.

2004ರಲ್ಲಿ ಸೆಬಿ ತಂದ ಮಾರ್ಜಿನ್ ವ್ಯವಹಾರದ ನಿಯಮದಲ್ಲಿ ಲೆಕ್ಕ ಸ್ಪಷ್ಟವಾಗಿತ್ತು: ಕೊಳ್ಳುವಾಗ ಸ್ವಂತ ಪಾಲು, ಅಂದರೆ ಮಾರ್ಜಿನ್, ಶೇ 50, ಆಮೇಲೆ ಅದು ಶೇ 40ಕ್ಕಿಂತ ಕೆಳಗಿಳಿಯಬಾರದು. ತೊಗರಿ ಮಾರಿದ ಒಂದು ಲಕ್ಷಕ್ಕೆ ಬ್ರೋಕರನ ಒಂದು ಲಕ್ಷ ಸೇರಿಸಿ, 500 ರೂಪಾಯಿಯ 400 ಷೇರು ಕೊಂಡಿರಿ ಎಂದುಕೊಳ್ಳಿ. ಬೆಲೆ 400ಕ್ಕೆ ಇಳಿದರೆ ಷೇರುಗಳ ಮೌಲ್ಯ 1,60,000. ಸಾಲ ಅಷ್ಟೇ ಇರುತ್ತದೆ, ನಿಮ್ಮದು 60,000 ಮಾತ್ರ, ಅಂದರೆ ಶೇ 37.5. ಷೇರು ಶೇ 20 ಇಳಿದಿದೆ, ನಿಮ್ಮ ಹಣ ಶೇ 40 ಕರಗಿದೆ. ಪಾಲು ಶೇ 40ಕ್ಕಿಂತ ಕೆಳಗಿಳಿದದ್ದರಿಂದ ಹಣ ತುಂಬಿ ಎಂದು ಬ್ರೋಕರನ ಕರೆ ಬರುತ್ತದೆ, ಅದೇ ಮಾರ್ಜಿನ್ ಕಾಲ್. ಕರೆ ಬರುವ ಬೆಲೆಯನ್ನು ಮೊದಲೇ ತಿಳಿಯಬಹುದು: ಸಾಲವನ್ನು ಷೇರುಗಳ ಸಂಖ್ಯೆ ಮತ್ತು 0.6ರ ಗುಣಲಬ್ಧದಿಂದ ಭಾಗಿಸಿ. ಇಲ್ಲಿ ಅದು ಸುಮಾರು 417 ರೂಪಾಯಿ.

ಪಾಲನ್ನು ಮತ್ತೆ ಶೇ 50ಕ್ಕೆ ತರಲು 20,000 ನಗದು ಕಟ್ಟಿದರೆ ಸಾಕು. ನಗದಿಲ್ಲದಿದ್ದರೆ 40,000 ರೂಪಾಯಿಯ, ಅಂದರೆ 100 ಷೇರು ಮಾರಬೇಕು. ನಗದಿಗಿಂತ ಎರಡು ಪಟ್ಟು ಮಾಲು ಪೇಟೆಗೆ ಬೀಳುವುದು ಇದರಿಂದಲೇ. ಸಾವಿರಾರು ಖಾತೆಗಳಲ್ಲಿ ಒಂದೇ ದಿನ ಹೀಗಾದರೆ ಬೆಲೆ ಇನ್ನೂ ಕುಸಿದು, ನಿನ್ನೆ ಸುರಕ್ಷಿತವಾಗಿದ್ದವರಿಗೂ ಇಂದು ಕರೆ ಬರುತ್ತದೆ. ಇಲ್ಲಿ ಕೆಟ್ಟ ಷೇರೇ ಮೊದಲು ಮಾರಾಟವಾಗಬೇಕೆಂದಿಲ್ಲ, ಸುಲಭವಾಗಿ ಗಿರಾಕಿ ಸಿಗುವ ಒಳ್ಳೆಯದೂ ಹೋಗುತ್ತದೆ.

2017ರ ಪರಿಷ್ಕರಣೆಯ ನಂತರ ಆರಂಭದ ಮಾರ್ಜಿನ್ ಆಯಾ ಷೇರಿನ ಏರಿಳಿತದ ಅಪಾಯಕ್ಕೆ ತಕ್ಕಂತೆ ಬದಲಾಗುತ್ತದೆ. ಕೊಳ್ಳುವ ಮುನ್ನ ಬ್ರೋಕರನ ಒಪ್ಪಂದದಲ್ಲಿ ನೋಡಬೇಕಾದದ್ದು ಬಡ್ಡಿದರವೊಂದೇ ಅಲ್ಲ, ಹಣ ಕಟ್ಟಲು ಎಷ್ಟು ಹೊತ್ತು ಕೊಡುತ್ತಾರೆ, ಯಾವ ಮಟ್ಟದಲ್ಲಿ ಕೇಳದೆಯೇ ಮಾರುತ್ತಾರೆ ಎಂಬುದನ್ನೂ ನೋಡಬೇಕು. ಲೋವರ್ ಸರ್ಕ್ಯೂಟ್, ಅಂದರೆ ಒಂದು ದಿನದ ಇಳಿಕೆಯ ಮಿತಿ, ಮುಟ್ಟಿದ ಸಣ್ಣ ಷೇರಿನಲ್ಲಿ ಕೊಳ್ಳುವವರೇ ಇರುವುದಿಲ್ಲ. ಮಾರಾಟದ ಆರ್ಡರ್ ಅಂದು ಈಡೇರದೆ, ಷೇರು ಮರುದಿನ ಇನ್ನೂ ಕೆಳಗಿನ ಬೆಲೆಗೆ ಹೋಗಬಹುದು. ಆ ಹಣದಲ್ಲಿ ಸಾಲ ತೀರದಿದ್ದರೆ, ಉಳಿದ ಬಾಕಿಯನ್ನು ಬಡ್ಡಿ ಸಮೇತ ಗಿರಾಕಿಯೇ ತುಂಬಬೇಕು.