ಟಿಬಿ ಮಾತ್ರೆ, ಮೂತ್ರದ ಬಣ್ಣ ಮತ್ತು ಲಿವರ್

ಟಿಬಿ ಚಿಕಿತ್ಸೆ ಶುರು ಮಾಡುವ ದಿನ ನಾವು ವೈದ್ಯರು ತಪ್ಪದೆ ಹೇಳುವ ಮಾತೊಂದಿದೆ. "ಮಾತ್ರೆ ತಗೊಂಡ ಮೇಲೆ ಮೂತ್ರ ಕೆಂಪಗೆ ಬರುತ್ತೆ, ಹೆದರಬೇಡಿ." ಮಾತು ನಿಜ. ಆದರೆ ಅಷ್ಟೇ ಹೇಳಿ ಕಳಿಸಿದರೆ ಸಾಲದು. ಯಾವ ಕೆಂಪಿಗೆ ಹೆದರಬಾರದು, ಯಾವ ಕೆಂಪಿಗೆ ಆ ದಿನವೇ ಆಸ್ಪತ್ರೆಗೆ ಬರಬೇಕು ಅನ್ನುವುದನ್ನೂ ಹೇಳಬೇಕು. ಅದಕ್ಕೇ ಈ ಅಂಕಣ.

ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ಲೈನ್ ಮನೆಯಲ್ಲಿದ್ದ ಒಬ್ಬ ಕೆಲಸಗಾರರ ಕಥೆ ಇಟ್ಟುಕೊಂಡು ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ವಯಸ್ಸು ನಲವತ್ತರ ಆಸುಪಾಸು. ಮಳೆಗಾಲ ಪೂರ್ತಿ ಕೆಮ್ಮು. ಶೀತದ ಕೆಮ್ಮು, ಬೀಡಿ ಕೆಮ್ಮು ಅಂದುಕೊಂಡು ಕಾಲ ಕಳೆದಿದ್ದರು. ಅಕ್ಟೋಬರ್ ಕೊನೆಯಲ್ಲಿ ಕಫ ಪರೀಕ್ಷೆ ಮಾಡಿಸಿದಾಗ ಟಿಬಿ ಇರುವುದು ಗೊತ್ತಾಯಿತು. ರಿಫಾಂಪಿಸಿನ್ ಔಷಧಿಗೆ ಬಗ್ಗುವ ಟಿಬಿ ಎಂದೂ ಅದೇ ಪರೀಕ್ಷೆ ಹೇಳಿತು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಟೊಳ್ಳು ಕಾಣಿಸುತ್ತಿತ್ತು. ತೂಕ 46 ಕೆ.ಜಿ.

ಅವರಿಗೆ ದಿನಕ್ಕೆ ಮೂರು ಮಾತ್ರೆ ಕೊಟ್ಟೆವು. ಸರ್ಕಾರದ ಟಿಬಿ ಕಾರ್ಯಕ್ರಮದಲ್ಲಿ ಮಾತ್ರೆಯ ಲೆಕ್ಕ ತೂಕದ ಮೇಲೆ. 35ರಿಂದ 49 ಕೆ.ಜಿ. ಇದ್ದವರಿಗೆ ಮೂರು, 50ರಿಂದ 64 ಇದ್ದವರಿಗೆ ನಾಲ್ಕು. ಒಂದೊಂದು ಮಾತ್ರೆಯಲ್ಲೂ ನಾಲ್ಕು ಔಷಧಿ ಸೇರಿರುತ್ತವೆ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ಎರಡು ತಿಂಗಳು ಈ ನಾಲ್ಕೂ. ಆಮೇಲೆ ಪೈರಾಜಿನಮೈಡ್ ಬಿಟ್ಟು ಉಳಿದ ಮೂರು, ಇನ್ನೂ ನಾಲ್ಕು ತಿಂಗಳು.

"ಡಾಕ್ಟ್ರೇ, ನಾಲ್ಕು ಔಷಧಿ ಯಾಕೆ? ಜೋರಾಗಿರೋದು ಒಂದು ಕೊಟ್ರೆ ಆಗಲ್ವಾ?" ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ಒಂದೇ ಔಷಧಿ ಕೊಟ್ಟು ನೋಡಿದ ಕಾಲವೂ ಇತ್ತು. ಟಿಬಿಗೆ ಸಿಕ್ಕ ಮೊದಲ ಪರಿಣಾಮಕಾರಿ ಔಷಧಿ ಸ್ಟ್ರೆಪ್ಟೋಮೈಸಿನ್. ಅದನ್ನು ಬ್ರಿಟನ್ನಿನಲ್ಲಿ ಪರೀಕ್ಷಿಸಿದ ಫಲಿತಾಂಶ 1948ರಲ್ಲಿ ಪ್ರಕಟವಾಯಿತು. ಮೊದಲ ಕೆಲವು ತಿಂಗಳು ರೋಗಿಗಳು ಚೆನ್ನಾಗಿ ಚೇತರಿಸಿಕೊಂಡರು. ಆಮೇಲೆ ಬಹಳಷ್ಟು ಜನರಿಗೆ ರೋಗ ಮತ್ತೆ ಕೆರಳಿತು. ಅಷ್ಟರಲ್ಲಿ ಅವರ ಕಫದಲ್ಲಿದ್ದ ರೋಗಾಣುಗಳಿಗೆ ಆ ಔಷಧಿ ನಾಟುತ್ತಲೇ ಇರಲಿಲ್ಲ. ಐದು ವರ್ಷ ಕಳೆದು ಲೆಕ್ಕ ಹಾಕಿದಾಗ, ಔಷಧಿ ಪಡೆದವರಿಗೂ ಪಡೆಯದವರಿಗೂ ಸಾವಿನಲ್ಲಿ ದೊಡ್ಡ ವ್ಯತ್ಯಾಸ ಉಳಿದಿರಲಿಲ್ಲ.

ಹೀಗಾಗಲು ಕಾರಣ ರೋಗಾಣುಗಳ ಸಂಖ್ಯೆ. ಶ್ವಾಸಕೋಶದಲ್ಲಿ ಟೊಳ್ಳಾದ ಒಂದು ಜಾಗದಲ್ಲಿ ಹತ್ತಾರು ಕೋಟಿ ರೋಗಾಣುಗಳು ಇರಬಹುದು. ಅವು ಹುಟ್ಟುವಾಗ ಆಗುವ ಸಣ್ಣ ಬದಲಾವಣೆಯಿಂದ, ಸುಮಾರು 10 ಲಕ್ಷಕ್ಕೆ ಒಂದು ಐಸೋನಿಯಾಜಿಡ್‌ಗೆ ಬಗ್ಗದಂತೆ ಹುಟ್ಟುತ್ತದೆ. ಸುಮಾರು 10 ಕೋಟಿಗೆ ಒಂದು ರಿಫಾಂಪಿಸಿನ್‌ಗೆ ಬಗ್ಗದಂತೆ ಹುಟ್ಟುತ್ತದೆ. ಔಷಧಿ ಶುರು ಮಾಡುವ ಮೊದಲೇ ಇವು ಅಲ್ಲಿ ಇರುತ್ತವೆ. ಐಸೋನಿಯಾಜಿಡ್ ಒಂದನ್ನೇ ಕೊಟ್ಟರೆ ಉಳಿದವೆಲ್ಲ ಸತ್ತು, ಬಗ್ಗದ ಆ ನೂರಿನ್ನೂರು ಉಳಿದು ಬೆಳೆಯುತ್ತವೆ. ಎರಡನ್ನೂ ಒಟ್ಟಿಗೆ ಕೊಟ್ಟರೆ? ಎರಡಕ್ಕೂ ಬಗ್ಗದ ಒಂದು ರೋಗಾಣು ಹುಟ್ಟಬೇಕಾದರೆ ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು ರೋಗಾಣುಗಳು ಬೇಕು. ಅಷ್ಟು ಯಾರ ದೇಹದಲ್ಲೂ ಇರುವುದಿಲ್ಲ. ಒಂದು ತಪ್ಪಿಸಿಕೊಂಡದ್ದನ್ನು ಇನ್ನೊಂದು ಹಿಡಿಯುತ್ತದೆ. ಎಥಾಂಬುಟಾಲ್ ಇರುವುದು ಮುಖ್ಯವಾಗಿ ಈ ಕಾವಲಿಗೆ.

ಇನ್ನು ತಿಂಗಳುಗಳ ಲೆಕ್ಕ. ಹೊಟ್ಟೆಯಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯಾ ಒಳ್ಳೆಯ ಪರಿಸ್ಥಿತಿಯಲ್ಲಿ 20 ನಿಮಿಷಕ್ಕೆ ಎರಡಾಗುತ್ತದೆ. ಟಿಬಿ ರೋಗಾಣುವಿಗೆ ಅದಕ್ಕೆ ಹೆಚ್ಚುಕಡಿಮೆ ಒಂದು ಹಗಲು ರಾತ್ರಿ ಬೇಕು. ಕೆಲವಂತೂ ಬೆಳೆಯದೆ ಸುಮ್ನೆ ಮಲಗಿರುತ್ತವೆ. ಐಸೋನಿಯಾಜಿಡ್ ಕೊಲ್ಲುವುದು ಬೆಳೆಯುತ್ತಿರುವವನ್ನು. ಮೊದಲ ಕೆಲವೇ ದಿನಗಳಲ್ಲಿ ಅದು ಬಹುಪಾಲು ರೋಗಾಣುಗಳನ್ನು ಮುಗಿಸುತ್ತದೆ. ಅದಕ್ಕೇ ಮೂರ್ನಾಲ್ಕು ವಾರದಲ್ಲಿ ಜ್ವರ ಬಿಟ್ಟು, ಕೆಮ್ಮು ಕಡಿಮೆಯಾಗಿ, ಊಟ ಸೇರುತ್ತದೆ. ಮಲಗಿರುವ ರೋಗಾಣು ಆಗೊಮ್ಮೆ ಈಗೊಮ್ಮೆ ಸ್ವಲ್ಪ ಹೊತ್ತು ಏಳುತ್ತದೆ. ಆ ಹೊತ್ತಿನಲ್ಲಿ ಅದನ್ನು ಹೊಡೆಯುವುದು ರಿಫಾಂಪಿಸಿನ್. ಉರಿಯೂತ ಇರುವ ಹುಳಿ ಜಾಗದಲ್ಲಿ ಅಡಗಿರುವವಕ್ಕೆ ಪೈರಾಜಿನಮೈಡ್. ಯಾವುದು ಯಾವತ್ತು ಏಳುತ್ತದೋ ಗೊತ್ತಿಲ್ಲವಲ್ಲ, ಹಾಗಾಗಿ ದಿನವೂ ರಕ್ತದಲ್ಲಿ ಔಷಧಿ ಇರಬೇಕು. ಹುಷಾರಾದೆ ಅಂತ ಅನಿಸುವುದಕ್ಕೂ ರೋಗ ಪೂರ್ತಿ ಹೋಗುವುದಕ್ಕೂ ನಡುವೆ ತಿಂಗಳುಗಳ ಅಂತರ ಇರುವುದು ಇದಕ್ಕೇ.

ನಮ್ಮ ರೋಗಿ ನಾಲ್ಕು ವಾರ ಮಾತ್ರೆ ಸರಿಯಾಗಿ ತಗೊಂಡರು. ಮೂತ್ರ ಕಿತ್ತಳೆ ಬಣ್ಣ ಬಂತು, ಹೆದರಲಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊಟ್ಟೆ ತೊಳಸುತ್ತಿತ್ತು. ಬರಿ ಹೊಟ್ಟೆಯಲ್ಲಿ ತಗೊಂಡರೆ ಔಷಧಿ ಚೆನ್ನಾಗಿ ಹಿಡಿಯುತ್ತದೆ. ಆದರೆ ತೊಳಸುವವರು ಒಂದು ಬಾಳೆಹಣ್ಣಿನ ಜೊತೆಗೋ, ಒಂದು ಅಕ್ಕಿ ರೊಟ್ಟಿ ತಿಂದೋ ತಗೊಂಡರೆ ತೊಂದರೆಯಿಲ್ಲ. ಮೂರನ್ನೂ ಒಂದೇ ಗುಟುಕಿಗೆ ನುಂಗದೆ, ಇಪ್ಪತ್ತು ನಿಮಿಷದ ಒಳಗೆ ಒಂದೊಂದಾಗಿ ನುಂಗಬಹುದು. ಗ್ಯಾಸಿನ ಔಷಧಿ ಕುಡಿಯುವವರು ಎರಡು ಗಂಟೆ ಅಂತರ ಬಿಡಬೇಕು, ಇಲ್ಲದಿದ್ದರೆ ಟಿಬಿ ಔಷಧಿ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ.

ಐದನೇ ವಾರ ಕಥೆ ಬದಲಾಯಿತು. ಡಿಸೆಂಬರ್ ಮೊದಲ ವಾರ, ತೋಟದಲ್ಲಿ ಅರೇಬಿಕಾ ಕೊಯ್ಲು. ಅವರೂ ಕೆಲಸಕ್ಕೆ ಹೋಗಲು ಶುರು ಮಾಡಿದ್ದರು. ಸಂಜೆ ಮೈ ಕೈ ನೋವಿಗೆ ಅಂತ ಮತ್ತೆ ಕುಡಿತ ಸೇರಿಕೊಂಡಿತ್ತು. ಆಗ ಊಟ ಬೇಡವಾಯಿತು. ಬೆಳಿಗ್ಗೆ ಮಾತ್ರವಲ್ಲ, ದಿನವಿಡೀ ತೊಳಸು. ಮೀನು ಸಾರಿನ ವಾಸನೆಗೇ ವಾಂತಿ. ಬೀಡಿ ಕೂಡ ಬೇಡ ಅನಿಸುತ್ತಿತ್ತಂತೆ. ಮೂತ್ರ ಇನ್ನೂ ಗಾಢವಾಗಿತ್ತು. ಆದರೆ "ಮಾತ್ರೆಯಿಂದ ಹಾಗೇ ಬರುತ್ತೆ ಅಂದಿದ್ರಲ್ವಾ" ಎಂದು ಮನೆಯವರು ಸುಮ್ಮನಿದ್ದರು. ಆಶಾ ಕಾರ್ಯಕರ್ತೆ ಹಗಲು ಹೊತ್ತಿನಲ್ಲಿ ಮನೆಗೆ ಬಂದಾಗ, ಬಾಗಿಲ ಹೊರಗೆ ನಿಲ್ಲಿಸಿ ಕಣ್ಣು ನೋಡಿದರು. ಬಿಳಿ ಭಾಗ ಹಳದಿಯಾಗಿತ್ತು. ಅವತ್ತೇ ಕರೆತಂದರು.

ವ್ಯತ್ಯಾಸ ಗುರುತಿಸುವುದು ಹೀಗೆ. ರಿಫಾಂಪಿಸಿನ್‌ನ ಬಣ್ಣ ಮಾತ್ರೆ ನುಂಗಿದ ಕೆಲವು ಗಂಟೆ ಹೆಚ್ಚಿರುತ್ತದೆ, ಸಾಮಾನ್ಯವಾಗಿ ಸಂಜೆ ರಾತ್ರಿಯ ಹೊತ್ತಿಗೆ ತಿಳಿಯಾಗುತ್ತಾ ಬರುತ್ತದೆ. ಕಣ್ಣು ಹಳದಿಯಾಗುವುದಿಲ್ಲ, ಊಟ ಸೇರುತ್ತದೆ. ಲಿವರ್ ಕೆಟ್ಟಾಗ ಮೂತ್ರ ಹಗಲು ರಾತ್ರಿ ಕಟು ಟೀ ಡಿಕಾಕ್ಷನ್ ಬಣ್ಣದಲ್ಲೇ ಇರುತ್ತದೆ. ಜೊತೆಗೆ ಊಟ ಬೇಡ, ವಾಂತಿ, ಸುಸ್ತು, ಬಲ ಪಕ್ಕೆಯ ಕೆಳಗೆ ನೋವು. ಕಣ್ಣು ಹಳದಿಯಾಗುವುದು ಇವೆಲ್ಲದರ ನಂತರ. ಬಲ್ಬಿನ ಬೆಳಕಿನಲ್ಲಿ ಹಳದಿ ಗೊತ್ತಾಗುವುದಿಲ್ಲ, ಹಗಲಿನ ಬೆಳಕಲ್ಲೇ ನೋಡಬೇಕು. ಕಣ್ಣಿಗೆ ಕಾಯದೆ, ಎರಡು ದಿನ ಊಟ ಬೇಡವಾಗಿ ವಾಂತಿ ಬಂದರೇ ಸಾಕು, ಆ ದಿನದ ಮಾತ್ರೆ ತಗೊಳ್ಳದೆ ಅವತ್ತೇ ಆಸ್ಪತ್ರೆಗೆ ಬನ್ನಿ. ನಿಲ್ಲಿಸಿ ಮನೆಯಲ್ಲೇ ಕೂರುವುದು ಮಾತ್ರ ಬೇಡ.

ಅವರ ರಕ್ತದಲ್ಲಿ ಎಎಲ್‌ಟಿ 412 ಇತ್ತು. ಲಿವರ್ ಜೀವಕೋಶಕ್ಕೆ ಪೆಟ್ಟು ಬಿದ್ದಾಗ ಏರುವ ಅಂಶ ಅದು, ನಮ್ಮ ಲ್ಯಾಬಿನಲ್ಲಿ 40ರ ಒಳಗಿದ್ದರೆ ಸರಿ. ತೊಂದರೆ ಕಾಣಿಸಿಕೊಂಡವರಲ್ಲಿ ಮೂರು ಪಟ್ಟು ದಾಟಿದರೆ, ತೊಂದರೆ ಏನೂ ಇಲ್ಲದವರಲ್ಲಿ ಐದು ಪಟ್ಟು ದಾಟಿದರೆ ಔಷಧಿ ನಿಲ್ಲಿಸುತ್ತೇವೆ. ನಾಲ್ಕರಲ್ಲಿ ಮೂರು ಲಿವರ್‌ಗೆ ಭಾರವಾಗುವಂಥವು: ಪೈರಾಜಿನಮೈಡ್, ಐಸೋನಿಯಾಜಿಡ್, ಅವುಗಳ ನಂತರ ರಿಫಾಂಪಿಸಿನ್. ಅದರ ಮೇಲೆ ಸಾರಾಯಿ ಬಿದ್ದರೆ ಅಪಾಯ ಹೆಚ್ಚುತ್ತದೆ. ಬೇರೆ ಕಾರಣದ ಕಾಮಾಲೆ ಇರಬಹುದೇ ಎಂದು ಹೆಪಟೈಟಿಸ್ ಪರೀಕ್ಷೆಯನ್ನೂ ಮಾಡಿಸಿದೆವು, ಅದು ಇರಲಿಲ್ಲ.

ಇಲ್ಲಿ ಮನೆಯವರು ಕೇಳಿದ ಎರಡು ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಆಗಾಗ ಕೇಳುವಂಥವು. ಕಾಮಾಲೆಗೆ ನಾಟಿ ಔಷಧಿ ಕೊಡಿಸಬಹುದಾ? ಈ ಹೊತ್ತಿನಲ್ಲಿ ಬೇಡ. ಕೆಲವು ಗಿಡಮೂಲಿಕೆಗಳೇ ಲಿವರ್‌ಗೆ ಪೆಟ್ಟು ಕೊಡುತ್ತವೆ. ಆಮೇಲೆ ಎಎಲ್‌ಟಿ ಇಳಿಯದಿದ್ದರೆ ಕಾರಣ ಯಾವುದು ಅಂತ ನಮಗೂ ಗೊತ್ತಾಗುವುದಿಲ್ಲ. ಎರಡನೆಯದು: ಮೂರು ಮಾತ್ರೆ ಜಾಸ್ತಿ ಆಯ್ತು, ಒಂದು ತಗೊಂಡರೆ ಸಾಕಲ್ವಾ? ಇದು ಇನ್ನೂ ಕೆಟ್ಟದು. ನಾಲ್ಕೂ ಔಷಧಿ ಸಾಲದ ಪ್ರಮಾಣದಲ್ಲಿ ಹೋಗುತ್ತವೆ. ರೋಗಾಣು ಸಾಯುವುದಿಲ್ಲ, ಬಗ್ಗದ ರೋಗಾಣುಗಳಿಗೆ ದಾರಿ ಸಿಗುತ್ತದೆ. ಲಿವರ್ ಮೇಲಿನ ಭಾರವೂ ಪೂರ್ತಿ ತಪ್ಪುವುದಿಲ್ಲ.

ನಾವು ಆ ಮಾತ್ರೆಗಳನ್ನು ಪೂರ್ತಿ ನಿಲ್ಲಿಸಿದೆವು. ರೋಗ ಜೋರಾಗಿದ್ದ ಕಾರಣ, ಲಿವರ್‌ಗೆ ಅಷ್ಟು ಭಾರವಾಗದ ಎಥಾಂಬುಟಾಲ್ ಮತ್ತು ಲೆವೊಫ್ಲಾಕ್ಸಾಸಿನ್ ಆ ಮಧ್ಯದ ಕಾಲಕ್ಕೆ ಕೊಟ್ಟೆವು. ಎರಡು ವಾರದಲ್ಲಿ ಎಎಲ್‌ಟಿ 62ಕ್ಕೆ ಇಳಿಯಿತು. ಎರಡು ಪಟ್ಟಿಗಿಂತ ಕಡಿಮೆಯಾದರೆ ಮತ್ತೆ ಶುರು ಮಾಡಬಹುದು, ಆದರೆ ಒಟ್ಟಿಗೆ ಅಲ್ಲ. ಒಟ್ಟಿಗೆ ಕೊಟ್ಟು ಲಿವರ್ ಮತ್ತೆ ಕೆಟ್ಟರೆ ತಪ್ಪಿತಸ್ಥ ಯಾವುದು ಅಂತ ಹೇಗೆ ಹೇಳುವುದು? ಮೊದಲು ಎಥಾಂಬುಟಾಲ್ ಜೊತೆ ರಿಫಾಂಪಿಸಿನ್, ಒಂದು ವಾರ. ರಕ್ತ ಪರೀಕ್ಷೆ ಸರಿ ಬಂತು. ಆಮೇಲೆ ಐಸೋನಿಯಾಜಿಡ್ ಸೇರಿಸಿ ಇನ್ನೊಂದು ವಾರ. ಅದೂ ಸರಿ ಬಂತು. ಕಾಮಾಲೆಯವರೆಗೆ ಹೋಗಿದ್ದ ಕಾರಣ ಪೈರಾಜಿನಮೈಡ್ ಮತ್ತೆ ಕೊಡಲೇ ಇಲ್ಲ. ಅದರಿಂದ ಒಂದು ನಷ್ಟ ಇದೆ. ಚಿಕಿತ್ಸೆ ಆರು ತಿಂಗಳಿಗೆ ಮುಗಿಯುವುದೇ ಪೈರಾಜಿನಮೈಡ್ ಇರುವುದರಿಂದ. ಅದು ಇಲ್ಲದಿದ್ದರೆ ಒಂಬತ್ತು ತಿಂಗಳು ಬೇಕು. ಲೆಕ್ಕ ಜನವರಿಯಿಂದ ಹೊಸದಾಗಿ ಶುರುವಾಯಿತು.

ಉಳಿದ ತೊಂದರೆಗಳು ಇವರಿಗೆ ಹೆಚ್ಚು ಬರಲಿಲ್ಲ. ಆದರೂ ಎರಡನ್ನು ಹೇಳಬೇಕು. ಐಸೋನಿಯಾಜಿಡ್‌ನಿಂದ ಪಾದ ಜುಮ್ಮೆನ್ನುವುದು, ಉರಿಯುವುದು ಉಂಟು. ಕುಡಿಯುವವರಿಗೆ, ಸಕ್ಕರೆ ಕಾಯಿಲೆಯವರಿಗೆ ಜಾಸ್ತಿ. ಅದನ್ನು ತಡೆಯಲು ಬಿ6 ಮಾತ್ರೆ ಜೊತೆಗೇ ಕೊಡುತ್ತೇವೆ, ಅದನ್ನು ಸುಮ್ನೆ ವಿಟಮಿನ್ ಅಂತ ಬಿಡಬೇಡಿ. ಎಥಾಂಬುಟಾಲ್ ಅಪರೂಪಕ್ಕೆ ಕಣ್ಣಿನ ನರಕ್ಕೆ ತೊಂದರೆ ಮಾಡುತ್ತದೆ. ನೋಟ ಮಂಜಾಗುತ್ತದೆ, ಕೆಂಪು ಹಸಿರು ಬೇರೆ ಮಾಡಲು ಕಷ್ಟವಾಗುತ್ತದೆ. ಕಾಫಿ ಕುಯ್ಯುವವರಿಗೆ ಇದು ಬೇಗ ಗೊತ್ತಾಗಬಹುದು, ಹಣ್ಣು ಕಾಯಿ ಬೇರೆ ಮಾಡುವುದೇ ಅವರ ಕೆಲಸ ತಾನೆ. ಹಾಗೆ ಅನಿಸಿದ ದಿನವೇ ಎಥಾಂಬುಟಾಲ್ ಇರುವ ಮಾತ್ರೆ ನಿಲ್ಲಿಸಿ ಬಂದು ತೋರಿಸಬೇಕು. ತಡ ಮಾಡಿದರೆ ನೋಟ ಪೂರ್ತಿ ಮರಳದೆ ಇರಬಹುದು.

ಮಾರ್ಚ್ ಹೊತ್ತಿಗೆ ಅವರ ಕಫದಲ್ಲಿ ರೋಗಾಣು ಇರಲಿಲ್ಲ. ತೂಕ 51 ಆಗಿತ್ತು. ಐದು ಕೆ.ಜಿ. ಏರಿ ಮುಂದಿನ ಗುಂಪಿಗೆ ಬಂದದ್ದರಿಂದ ದಿನದ ಮಾತ್ರೆ ಮೂರರಿಂದ ನಾಲ್ಕಾಯಿತು. "ವಾಸಿ ಆಗ್ತಾ ಇದ್ದೀನಿ, ಮಾತ್ರೆ ಯಾಕೆ ಜಾಸ್ತಿ?" ಎಂದು ಗಾಬರಿಯಾದರು. ಮೈ ದಪ್ಪಗಾದರೆ ಔಷಧಿಯೂ ಅದಕ್ಕೆ ತಕ್ಕಷ್ಟು ಬೇಕು ಎಂದು ವಿವರಿಸಿದ ಮೇಲೆ ಒಪ್ಪಿದರು. ಟಿಬಿ ರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ ತಿಂಗಳಿಗೆ 1,000 ರೂಪಾಯಿ, 2024ರ ನವೆಂಬರ್‌ನಿಂದ ಹೆಚ್ಚಾದದ್ದು, ಮೊಟ್ಟೆಗೂ ಮೀನಿಗೂ ಒದಗಿತು. ಕುಡಿತ ಬಿಡುವುದು ಸುಲಭವಾಗಲಿಲ್ಲ. ಹೆಂಡತಿ, ಆಶಾ ಕಾರ್ಯಕರ್ತೆ, ತೋಟದ ರೈಟರ್ ಮೂವರೂ ಬೆನ್ನು ಬಿದ್ದರು.

ಸೆಪ್ಟೆಂಬರ್ ಕೊನೆಗೆ ಮಾತ್ರೆ ಮುಗಿಯಿತು. ಮುಂದಿನ ಎರಡು ವರ್ಷ ಅವರು ಆರು ತಿಂಗಳಿಗೊಮ್ಮೆ ಬರಬೇಕು, ಕೆಮ್ಮು ಇದ್ದರೆ ಕಫ ಕೊಡಬೇಕು. ಮತ್ತೆ ಯಾವತ್ತಾದರೂ ಯಾವ ಕಾಯಿಲೆಗೆ ಯಾವ ಆಸ್ಪತ್ರೆಗೆ ಹೋದರೂ, ಪೈರಾಜಿನಮೈಡ್‌ನಿಂದ ಕಾಮಾಲೆ ಬಂದಿರಬಹುದು ಎಂದು ಬರೆದ ಚೀಟಿಯನ್ನು ಮೊದಲು ತೋರಿಸಬೇಕು. ಆ ಚೀಟಿಗೆ ಲ್ಯಾಮಿನೇಷನ್ ಮಾಡಿಸಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾರೆ.