ಟೆಸ್ಟ್ ಪಾಸ್ ಆದ ಮೇಲೂ ಪೈಪ್ ಮತ್ತೆ ಯಾಕೆ ಹಾಕಿದರು?

ಜಮಖಂಡಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಸರ್, ನಮ್ಮ ಅಪ್ಪಾರಿಗೆ 64 ವರ್ಷ. ನ್ಯುಮೋನಿಯಾ ಆಗಿ ಬೆಳಗಾವಿ ಆಸ್ಪತ್ರೆಯಾಗ ವೆಂಟಿಲೇಟರ್ ಮ್ಯಾಲೆ ಇದ್ರು. ಐದನೇ ದಿನ ಮುಂಜಾನೆ ಟೆಸ್ಟ್ ಪಾಸ್ ಆಗ್ಯಾರ ಅಂತ ಹೇಳಿ ಬಾಯಾಗಿನ ಪೈಪ್ ತಗದ್ರು. ಮಧ್ಯಾಹ್ನ ನಮ್ಮ ಜೋಡಿ ಮಾತಾಡಿದ್ರು. ರಾತ್ರಿ 3 ಗಂಟೆಗೆ ಮತ್ತ ಪೈಪ್ ಹಾಕಿದ್ರು. ಪಾಸ್ ಆಗಿದ್ರ ಮತ್ಯಾಕ ಹಾಕಿದ್ರು? ಅವಸರ ಮಾಡಿದ್ರೇನು?"

ಅವರ ತಂದೆ ಈಗ ಮನೆಗೆ ಬಂದಿದ್ದಾರೆ. ಕೇಸ್ ಶೀಟಿನ ಪ್ರತಿಯನ್ನೂ ಕಳಿಸಿದ್ದಾರೆ, ಹಾಗಾಗಿ ಅಂದಾಜಿನಲ್ಲಿ ಹೇಳುವ ಕಷ್ಟ ನನಗಿಲ್ಲ. ಐಸಿಯುನಲ್ಲಿ ಕೆಲಸ ಮಾಡುವ ನನಗೆ ಈ ಪ್ರಶ್ನೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ. ಕೇಳುವವರ ಕಣ್ಣಲ್ಲಿ ನೀರಿರುತ್ತದೆ, ಸಿಟ್ಟೂ ಇರುತ್ತದೆ.

ಮೊದಲು ಆ ಟೆಸ್ಟ್ ಏನು ಅಂತ ನೋಡೋಣ.

ವೆಂಟಿಲೇಟರ್ ಬಿಡಿಸುವ ಕೆಲಸ ಶುರುವಾಗುವುದು ಬೆಳಗಿನ ಜಾವ. ನರ್ಸ್ ನಿದ್ದೆಯ ಔಷಧಿಯನ್ನು ನಿಲ್ಲಿಸುತ್ತಾರೆ ಅಥವಾ ತೀರಾ ಕಮ್ಮಿ ಮಾಡುತ್ತಾರೆ. ರೋಗಿ ಕಣ್ಣು ಬಿಟ್ಟು, ಕೈ ಹಿಡಿ ಅಂದರೆ ಹಿಡಿಯಬೇಕು. ಆಮೇಲೆ ಡಾಕ್ಟರ್ ಬಂದು ಕೆಲವು ವಿಷಯ ನೋಡುತ್ತಾರೆ. ಯಾವ ಕಾಯಿಲೆಗೆ ಮಷೀನು ಬೇಕಾಯಿತೋ ಅದು ಇಳಿಮುಖವಾಗಿದೆಯಾ? ಮಷೀನಿನಿಂದ ಹೋಗುವ ಆಕ್ಸಿಜನ್ ಶೇ 40ರ ಆಸುಪಾಸಿಗೆ ಇಳಿದಿದೆಯಾ? ಉಸಿರು ಬಿಟ್ಟ ಮೇಲೂ ಶ್ವಾಸಕೋಶ ಮುಚ್ಚಿಕೊಳ್ಳದಂತೆ ಮಷೀನು ಹಿಡಿದಿಡುವ ಒತ್ತಡ, ಅಂದರೆ ಪೀಪ್, 5ರಿಂದ 8ರೊಳಗೆ ಇದೆಯಾ? ಬಿಪಿ ನಿಲ್ಲಿಸಲು ದೊಡ್ಡ ಡೋಸಿನ ಔಷಧಿ ಹೋಗುತ್ತಿಲ್ಲ ತಾನೇ? ಇಷ್ಟು ಸರಿ ಇದ್ದರೆ ಉಸಿರಾಟದ ಪರೀಕ್ಷೆ.

ಈ ಪರೀಕ್ಷೆಯಲ್ಲಿ ಪೈಪ್ ಗಂಟಲಲ್ಲೇ ಇರುತ್ತದೆ, ಮಷೀನಿನ ಸಹಾಯವನ್ನು ಮಾತ್ರ ಹೆಚ್ಚುಕಮ್ಮಿ ಪೂರ್ತಿ ತೆಗೆಯುತ್ತಾರೆ. ಕೆಲವರು ಪೈಪಿನ ತುದಿಗೆ ಟಿ ಆಕಾರದ ಕೊಳವೆ ಹಾಕಿ ಬರೀ ಆಕ್ಸಿಜನ್ ಕೊಡುತ್ತಾರೆ. ಕೆಲವರು ಮಷೀನಿನಲ್ಲೇ ಇಟ್ಟು 5ರಿಂದ 8ರಷ್ಟು ಸಣ್ಣ ಒತ್ತಡ ಬಿಡುತ್ತಾರೆ. ಎರಡೂ ಒಪ್ಪಿತ ಪದ್ಧತಿಗಳೇ. ಹೀಗೆ ಅರ್ಧ ಗಂಟೆಯಿಂದ ಎರಡು ಗಂಟೆ. ಮೊದಲೆಲ್ಲ ಎರಡು ಗಂಟೆ ಬೇಕೇ ಬೇಕು ಅಂತಿದ್ದರು, 1999ರಲ್ಲಿ ಸ್ಪೇನಿನ ವೈದ್ಯರು ಎರಡನ್ನೂ ಹೋಲಿಸಿ ನೋಡಿದಾಗ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ ಈಗ ಬಹಳ ಕಡೆ ಮೊದಲ ಸಲ ಅರ್ಧ ಗಂಟೆಗೆ ಮುಗಿಸುತ್ತಾರೆ. ಆ ಹೊತ್ತಿನಲ್ಲಿ ಉಸಿರು ನಿಮಿಷಕ್ಕೆ 35 ದಾಟಿ ಅಲ್ಲೇ ನಿಂತರೆ, ಆಕ್ಸಿಜನ್ ಮಟ್ಟ 90ಕ್ಕಿಂತ ಕೆಳಗೆ ಹೋದರೆ, ಎದೆಬಡಿತ 140 ದಾಟಿದರೆ, ಬೆವರು ಕಿತ್ತು ಚಡಪಡಿಸಿದರೆ ಫೇಲ್. ಮತ್ತೆ ಮಷೀನಿಗೆ ಹಾಕಿ ಮರುದಿನ ನೋಡುತ್ತಾರೆ.

ಈ ತಂದೆಯವರ ಶೀಟಿನಲ್ಲಿ ಅವತ್ತಿನ ಅಂಕಿ ಹೀಗಿವೆ: ಉಸಿರು ನಿಮಿಷಕ್ಕೆ 26, ಪ್ರತಿ ಉಸಿರಿಗೆ 380 ಮಿಲಿ, ಆಕ್ಸಿಜನ್ ಮಟ್ಟ 96. ಇದರಿಂದ ಒಂದು ಲೆಕ್ಕ ತೆಗೆಯುತ್ತೇವೆ. ಉಸಿರಿನ ಸಂಖ್ಯೆಯನ್ನು ಒಂದು ಉಸಿರಿನ ಗಾತ್ರದಿಂದ ಭಾಗಿಸಬೇಕು, ಗಾತ್ರ ಲೀಟರಿನಲ್ಲಿ. 26ನ್ನು 0.38ರಿಂದ ಭಾಗಿಸಿದರೆ ಸುಮಾರು 68. 1991ರಲ್ಲಿ ಯಾಂಗ್ ಮತ್ತು ಟೋಬಿನ್ ಎಂಬ ಇಬ್ಬರು ವೈದ್ಯರು ಈ ಲೆಕ್ಕ ಕೊಟ್ಟು 105ನ್ನು ಗೆರೆ ಅಂತ ಇಟ್ಟರು. ಅದಕ್ಕಿಂತ ಜಾಸ್ತಿ ಅಂದರೆ ರೋಗಿ ಚಿಕ್ಕಚಿಕ್ಕ ಉಸಿರು ಬೇಗಬೇಗ ತೆಗೆಯುತ್ತಿದ್ದಾನೆ, ಸುಸ್ತಾಗುತ್ತಾನೆ ಅಂತ ಅರ್ಥ. 68 ಚೆನ್ನಾಗಿದೆ. ಹಾಗಾಗಿ ಟೆಸ್ಟ್ ಪಾಸ್ ಅಂದದ್ದು ನಿಜವೇ.

ಆದರೆ ಪರೀಕ್ಷೆ ನಡೆದದ್ದು ಪೈಪ್ ಒಳಗಿದ್ದಾಗ, ಅಲ್ವಾ? ಮಷೀನಿಲ್ಲದೆ ಈ ಮನುಷ್ಯ ಉಸಿರಾಡಬಲ್ಲನೇ ಅಂತ ಅದು ಹೇಳುತ್ತದೆ. ಪೈಪ್ ಇಲ್ಲದೆ ಬದುಕಬಲ್ಲನೇ ಅನ್ನುವುದು ಬೇರೆಯೇ ಪ್ರಶ್ನೆ. ಪೈಪ್ ಸುಮ್ನೆ ಗಾಳಿ ಹೋಗುವ ದಾರಿ ಅಷ್ಟೇ ಆಗಿರುವುದಿಲ್ಲ. ಅದು ಗಂಟಲನ್ನು ತೆರೆದು ಹಿಡಿದಿರುತ್ತದೆ. ಅದರೊಳಗಿಂದ ನರ್ಸ್ ಸಣ್ಣ ನಳಿಗೆ ಇಳಿಸಿ ಕಫ ಎಳೆಯುತ್ತಿರುತ್ತಾರೆ. ಪೈಪ್ ಹೊರಗೆ ಬಂದ ಕ್ಷಣದಿಂದ ಇವೆರಡೂ ಕೆಲಸ ರೋಗಿಯ ಪಾಲಿಗೆ.

ಗಂಟಲಿನ ತೊಂದರೆ ಬೇಗ ಗೊತ್ತಾಗುತ್ತದೆ. ಐದಾರು ದಿನ ಪೈಪ್ ತಾಗಿ ತಾಗಿ ಧ್ವನಿಪೆಟ್ಟಿಗೆ ಊದಿಕೊಂಡಿರಬಹುದು. ಪೈಪ್ ಇರುವಾಗ ಅದು ಕಾಣುವುದಿಲ್ಲ, ತೆಗೆದ ಕೆಲವು ನಿಮಿಷಗಳಲ್ಲಿ, ಇಲ್ಲವೇ ಕೆಲವು ಗಂಟೆಗಳಲ್ಲಿ, ಉಸಿರು ಎಳೆದುಕೊಳ್ಳುವಾಗ ಸೀಟಿ ಊದಿದಂಥ ಸದ್ದು ಬರುತ್ತದೆ. ಮುಂಚೆಯೇ ತಿಳಿಯಲು ಒಂದು ಉಪಾಯವಿದೆ. ಪೈಪಿನ ತುದಿಯಲ್ಲಿ ಶ್ವಾಸನಾಳಕ್ಕೆ ಒತ್ತಿ ಕೂರುವ ಒಂದು ಸಣ್ಣ ಬಲೂನ್ ಇರುತ್ತದೆ. ಅದರ ಗಾಳಿ ತೆಗೆದರೆ ಪೈಪಿನ ಪಕ್ಕದಿಂದ ಗಾಳಿ ಸೋರಬೇಕು. ಸೋರದಿದ್ದರೆ ಊತ ಇರಬಹುದು ಅಂತ ಕೆಲವು ಗಂಟೆ ಮೊದಲು ಸ್ಟೀರಾಯ್ಡ್ ಕೊಟ್ಟು ಆಮೇಲೆ ತೆಗೆಯುತ್ತೇವೆ. ಈ ತಂದೆಯವರಿಗೆ ಸೀಟಿ ಸದ್ದು ಬಂದಿಲ್ಲ. ಮಧ್ಯಾಹ್ನ ಚೆನ್ನಾಗಿಯೇ ಮಾತಾಡಿದ್ದಾರೆ. ಅಂದರೆ ತೊಂದರೆ ಬೇರೆ ಕಡೆ ಇದೆ.

ಶೀಟಿನಲ್ಲಿ ನನ್ನ ಕಣ್ಣು ನಿಂತದ್ದು ನರ್ಸ್ ಬರೆದ ಎರಡು ಸಾಲುಗಳ ಮೇಲೆ. ಒಂದು, ಹಿಂದಿನ ರಾತ್ರಿ ಹೆಚ್ಚುಕಮ್ಮಿ ಗಂಟೆಗೊಮ್ಮೆ ಕಫ ಎಳೆದಿದ್ದಾರೆ, ಅದೂ ಗಟ್ಟಿ ಕಫ. ಇನ್ನೊಂದು, ಐದು ದಿನಗಳಲ್ಲಿ ದೇಹಕ್ಕೆ ಹೋದ ನೀರಿಗೂ ಹೊರಬಂದ ಮೂತ್ರಕ್ಕೂ ತಾಳೆ ಹಾಕಿದರೆ 3.8 ಲೀಟರ್ ಒಳಗೇ ಉಳಿದಿದೆ.

ಕಫದ ವಿಷಯ ಮೊದಲು. ಮೂವತ್ತು ವರ್ಷ ಬೀಡಿ ಸೇದಿದ ಎದೆ, ಅದರ ಮೇಲೆ ನ್ಯುಮೋನಿಯಾ. ಎರಡು ಗಂಟೆ ಕೂಡ ತಡೆಯದಷ್ಟು ಕಫ ಬರುತ್ತಿದ್ದರೆ ಅದನ್ನು ಹೊರಹಾಕಲು ಜೋರು ಕೆಮ್ಮು ಬೇಕು. ಕೆಮ್ಮು ಎಷ್ಟಿದೆ ಅಂತ ನೋಡಲು ದೊಡ್ಡ ಉಪಕರಣವೇನೂ ಬೇಡ. ನಾವು ಒಂದು ಬಿಳಿ ಕಾರ್ಡನ್ನು ಪೈಪಿನ ಬಾಯಿಂದ ಒಂದೆರಡು ಸೆಂಟಿಮೀಟರ್ ದೂರ ಹಿಡಿದು "ಕೆಮ್ಮರಿ ಕಾಕಾ, ಜೋರ್ ಕೆಮ್ಮರಿ" ಅಂತೇವೆ. ಮೂರ್ನಾಲ್ಕು ಸಲ ಕೆಮ್ಮಿದಾಗ ಕಾರ್ಡಿನ ಮೇಲೆ ಹನಿ ಬಿದ್ದು ಒದ್ದೆಯಾದರೆ ಬಲ ಇದೆ. ಒಣಗಿದ ಕಾರ್ಡ್ ಕೈಯಲ್ಲಿ ಉಳಿದರೆ ನನಗೆ ಎದೆ ಡವಗುಟ್ಟುತ್ತದೆ, ಉಳಿದ ಅಂಕಿಗಳೆಲ್ಲ ಎಷ್ಟೇ ಚಂದ ಇರಲಿ. ಈ ಶೀಟಿನಲ್ಲಿ ಕೆಮ್ಮಿನ ಬಗ್ಗೆ "ಸಾಧಾರಣ" ಅಂತ ಒಂದೇ ಪದ ಇದೆ. ಅದನ್ನು ಇನ್ನೂ ಸರಿಯಾಗಿ ನೋಡಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ನೀರು. ನಾವೆಲ್ಲ ಉಸಿರಾಡುವಾಗ ಎದೆ ಹಿಗ್ಗಿ ಗಾಳಿಯನ್ನು ಒಳಗೆ ಎಳೆಯುತ್ತದೆ. ಮಷೀನು ಹಾಗಲ್ಲ, ಗಾಳಿಯನ್ನು ಒಳಗೆ ತಳ್ಳುತ್ತದೆ. ತಳ್ಳುವಾಗ ಎದೆಯೊಳಗಿನ ಒತ್ತಡ ಜಾಸ್ತಿ ಇರುವುದರಿಂದ ಹೃದಯಕ್ಕೆ ವಾಪಸ್ ಬರುವ ರಕ್ತ ಕಮ್ಮಿ, ಎಡ ಹೃದಯದ ಶ್ರಮವೂ ಕಮ್ಮಿ. ಮಷೀನು ತೆಗೆದ ಕೂಡಲೇ ಎದೆ ಮತ್ತೆ ಎಳೆಯಲು ಶುರು ಮಾಡುತ್ತದೆ. ಗಾಳಿಯ ಜೊತೆ ರಕ್ತವೂ ಜಾಸ್ತಿ ಬರುತ್ತದೆ, ಹೃದಯ ಅದನ್ನು ಹೆಚ್ಚು ಜೋರಿನಿಂದ ಹೊರದಬ್ಬಬೇಕು. ಗಟ್ಟಿ ಹೃದಯವಾದರೆ ಸಂಭಾಳಿಸುತ್ತದೆ. ವಯಸ್ಸಾದ ಹೃದಯ, ದೇಹದಲ್ಲಿ ಸುಮಾರು ನಾಲ್ಕು ಲೀಟರ್ ಹೆಚ್ಚಿನ ನೀರು, ಇವು ಸೇರಿದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಅರ್ಧ ಗಂಟೆಯ ಪರೀಕ್ಷೆಯಲ್ಲಿ, ಅದೂ ಸಣ್ಣ ಒತ್ತಡ ಬಿಟ್ಟು ಮಾಡಿದ್ದರೆ, ಇದು ಮೇಲೆ ಕಾಣದೇ ಹೋಗಬಹುದು.

ಈಗ ಆ ರಾತ್ರಿಯನ್ನು ನೋಡಿ. ಬೆಳಿಗ್ಗೆ 11ಕ್ಕೆ ಪೈಪ್ ತೆಗೆದರು. ಸಂಜೆ 6ಕ್ಕೆ ಉಸಿರು 24. ರಾತ್ರಿ 10ಕ್ಕೆ 30, ಎದೆಯಲ್ಲಿ ಗೊರಗೊರ ಸದ್ದು. 12ಕ್ಕೆ ಮಾಸ್ಕಿನಿಂದ ಒತ್ತಡ ಕೊಡುವ ಮಷೀನು ಹಾಕಿದರು. ಎರಡೂವರೆಗೆ ಉಸಿರು 38, ಮಾತು ತೊದಲು, ಮಗನ ಹೆಸರು ಕೇಳಿದರೆ ಗೊತ್ತಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದೆ. 3ಕ್ಕೆ ಪೈಪ್. ಇಲ್ಲಿ ಪೈಪ್ ಹಾಕಿದ್ದು ತಪ್ಪಲ್ಲ, ಸರಿಯಾದ ಹೊತ್ತಿಗೆ ಹಾಕಿದ್ದರಿಂದಲೇ ಅವರು ಇವತ್ತು ಮನೆಯಲ್ಲಿದ್ದಾರೆ. ಏದುಸಿರು ಶುರುವಾದ ಮೇಲೆ ಮಾಸ್ಕ್ ಹಾಕಿ ಬೆಳಗಿನ ತನಕ ಕಾಯುತ್ತಾ ಕೂತಿದ್ದರೆ ಜೀವಕ್ಕೇ ಅಪಾಯವಿತ್ತು.

ಹಾಗಾದರೆ ಅವಸರ ಮಾಡಿದರಾ? ಐದನೇ ದಿನ ಪರೀಕ್ಷೆ ಮಾಡಿದ್ದು ಅವಸರ ಅನ್ನಲಾರೆ. ಪರೀಕ್ಷೆ ಪಾಸಾದವರಲ್ಲೂ 100ರಲ್ಲಿ 10ರಿಂದ 15 ಮಂದಿಗೆ ಎರಡು ಮೂರು ದಿನದೊಳಗೆ ಮತ್ತೆ ಪೈಪ್ ಬೇಕಾಗುತ್ತದೆ, ವಯಸ್ಸು ಮತ್ತು ಶ್ವಾಸಕೋಶದ ಹಳೆಯ ಕಾಯಿಲೆ ಇದ್ದವರಲ್ಲಿ ಇನ್ನೂ ಜಾಸ್ತಿ. ಒಬ್ಬರಿಗೂ ಮತ್ತೆ ಹಾಕುವುದು ಬೇಡ ಅಂತ ಎಲ್ಲರನ್ನೂ ನಾಲ್ಕು ದಿನ ಹೆಚ್ಚಿಗೆ ಮಷೀನಿನ ಮೇಲೆ ಇಟ್ಟರೆ, ಸರಿಯಾಗಿ ಉಸಿರಾಡಬಲ್ಲ ಹತ್ತಾರು ಜನರಿಗೆ ಪೈಪಿನಿಂದಲೇ ಹೊಸ ನ್ಯುಮೋನಿಯಾ ಬರುವ ಭಯ. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯೂ ಕೆಲಸವಿಲ್ಲದೆ ಸೊರಗುತ್ತದೆ. 18ರಿಂದ 69 ಗಂಟೆ ಪೂರ್ತಿ ವಿಶ್ರಾಂತಿ ಸಿಕ್ಕ ವಪೆಯ ಎಳೆಗಳು ಸುಮಾರು ಅರ್ಧದಷ್ಟು ತೆಳುವಾಗಿದ್ದನ್ನು 2008ರಲ್ಲೇ ತೋರಿಸಿದ್ದಾರೆ.

ನನ್ನ ತಕರಾರು ಇರುವುದು ತೆಗೆದ ರೀತಿಯ ಬಗ್ಗೆ. ಇಷ್ಟು ಕಫ, ಇಷ್ಟು ನೀರು, ಬೀಡಿ ಎದೆ ಅಂತ ಗೊತ್ತಿದ್ದಾಗ ಪೈಪ್ ತೆಗೆದ ತಕ್ಷಣವೇ, ಇನ್ನೂ ಆರಾಮ ಇರುವಾಗಲೇ, ಮಾಸ್ಕ್ ಒತ್ತಡ ಶುರು ಮಾಡಬೇಕು. ಕೆಟ್ಟ ಮೇಲೆ ಹಾಕುವ ಮಾಸ್ಕಿಗೂ ಕೆಡುವ ಮುಂಚೆ ಹಾಕುವ ಮಾಸ್ಕಿಗೂ ಬಹಳ ಅಂತರ. ಎರಡನೇ ಸಲ ಅವರು ಮಾಡಿದ್ದು ಅದನ್ನೇ. ಮೂರು ದಿನ ಮೂತ್ರ ಹೋಗುವ ಔಷಧಿ ಕೊಟ್ಟು ನೀರು ಇಳಿಸಿದರು. ದಿನಕ್ಕೆ ಮೂರು ಸಲ ಎದೆಗೆ ಫಿಸಿಯೋಥೆರಪಿ, ಹಾಸಿಗೆಯ ಅಂಚಿಗೆ ಕೂರಿಸಿದರು. ಎಂಟನೇ ದಿನ ಕಫ ಎಳೆಯುವುದು ನಾಲ್ಕು ಗಂಟೆಗೊಮ್ಮೆಗೆ ಬಂತು. ಆಗ ಪೈಪ್ ತೆಗೆದು ಅದೇ ಕೈಯಲ್ಲಿ ಮಾಸ್ಕ್ ಹಾಕಿದರು, ಒಂದು ದಿನ ಬಿಟ್ಟು ಬಿಟ್ಟು ಕೊಟ್ಟರು. ಮತ್ತೆ ಪೈಪ್ ಬೇಕಾಗಲಿಲ್ಲ.

ಮನೆಯವರು ಈ ಹೊತ್ತಿನಲ್ಲಿ ಹೇಳಲೇಬೇಕಾದ ಒಂದು ಮಾತು: ರೋಗಿಗೆ ಕಿವಿ ಮಂದವಾ, ಯಾವ ಭಾಷೆ ಬರುತ್ತದೆ ಅಂತ ನರ್ಸಿಗೆ ತಿಳಿಸಿ. ಬೆಳಗಾವಿಯ ವಾರ್ಡುಗಳಲ್ಲಿ ಕನ್ನಡ, ಮರಾಠಿ, ಮಲಯಾಳಂ ಎಲ್ಲ ಕಿವಿಗೆ ಬೀಳುತ್ತವೆ. ಹಳ್ಳಿಯ ಅಜ್ಜನಿಗೆ ಅರ್ಥವಾಗದ ಭಾಷೆಯಲ್ಲಿ "ಕೆಮ್ಮಿ" ಅಂದರೆ ಕೆಮ್ಮುವುದಿಲ್ಲ, ಪ್ರಜ್ಞೆ ಸರಿಯಿಲ್ಲ ಅಂತ ಶೀಟಿನಲ್ಲಿ ಬೀಳುತ್ತದೆ. ಮಗಳು ಬಂದು "ಅಪ್ಪಾ, ಕೆಮ್ಮಪಾ" ಅಂದಾಗ ಕಾರ್ಡ್ ಒದ್ದೆಯಾದದ್ದನ್ನು ನಾನೇ ನೋಡಿದ್ದೇನೆ.

ಧ್ವನಿ ಇನ್ನೂ ಒಡೆದ ಹಾಗಿದೆ ಅಂತಲೂ ಬರೆದಿದ್ದೀರಿ. ಎರಡು ಸಲ ಪೈಪ್ ಹೋದ ಗಂಟಲು, ಕೆಲವು ದಿನ ಹಾಗಿರುತ್ತದೆ. ಮೂರು ವಾರ ದಾಟಿದರೂ ಸರಿಹೋಗದಿದ್ದರೆ ಕಿವಿ ಮೂಗು ಗಂಟಲು ಡಾಕ್ಟರಿಗೆ ತೋರಿಸಿ. ನೀರು ಕುಡಿಯುವಾಗ ಕೆಮ್ಮು ಬಂದರೆ ಅಷ್ಟು ದಿನವೂ ಕಾಯಬೇಡಿ. ನಡೆಯುವಾಗ ಅಥವಾ ಮೆಟ್ಟಿಲು ಹತ್ತುವಾಗ ಸೀಟಿ ಸದ್ದು ಕೇಳಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಪೈಪ್ ಒತ್ತಿದ ಜಾಗದಲ್ಲಿ ಶ್ವಾಸನಾಳ ಕಿರಿದಾಗುತ್ತಿರಬಹುದು, ಅದು ವಾರಗಳ ನಂತರವೂ ಶುರುವಾಗುತ್ತದೆ.