ಹಳೇ ಗೆಳತಿ ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಕರೆದರೆ ಬೇಡ ಅನ್ನೋದು ಹೇಗೆ?

ಪ್ರಶ್ನೆ: ಸ್ಕೂಲಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ ಹನ್ನೆರಡು ವರ್ಷದ ಮೇಲೆ ಫೋನ್ ಮಾಡಿದಳು. ತುಂಬಾ ಖುಷಿಯಾಯಿತು. ಎರಡನೇ ಸಲ ಮಾತಾಡುವಾಗ ತನ್ನ ನೆಟ್‌ವರ್ಕ್ ಮಾರ್ಕೆಟಿಂಗ್ ಬಿಸಿನೆಸ್‌ಗೆ ಸೇರು ಅಂದಳು. ‘ಟೈಮ್ ಇಲ್ಲ ಕಣೇ’ ಅಂದೆ. ಆದರೂ ಬಿಡುತ್ತಿಲ್ಲ. ಅವಳ ಮನಸ್ಸು ನೋಯಿಸದೆ ಬೇಡ ಅನ್ನೋದು ಹೇಗೆ?

ಉತ್ತರ: ನಿಮಗೆ ಕಷ್ಟವಾಗುತ್ತಿರುವುದು ‘ಟೈಮ್ ಇಲ್ಲ’ ಅನ್ನುವ ಆ ಮಾತಿನಿಂದಲೇ. ಇಂಥ ಬಿಸಿನೆಸ್‌ಗಳ ಟ್ರೈನಿಂಗ್‌ನಲ್ಲಿ ಜನ ಹೇಳುವ ನೆಪಗಳಿಗೆಲ್ಲ ಮೊದಲೇ ಉತ್ತರ ಕಲಿಸಿರುತ್ತಾರೆ. ಟೈಮ್ ಇಲ್ಲ ಅಂದರೆ ‘ದಿನಕ್ಕೆ ಒಂದು ಗಂಟೆ ಸಾಕು.’ ದುಡ್ಡಿಲ್ಲ ಅಂದರೆ ‘ಅದಕ್ಕೇ ತಾನೇ ಸೇರು ಅಂತಿರೋದು?’ ಮನೆಯಲ್ಲಿ ಕೇಳಬೇಕು ಅಂದರೆ ‘ಅವರನ್ನೂ ಕರ್ಕೊಂಡು ಬಾ.’ ಕಾರಣ ಕೊಟ್ಟಷ್ಟೂ ಮಾತು ಬೆಳೆಯುತ್ತದೆ. ‘ನೋಡ್ತೀನಿ’ ಅನ್ನೋದು ಇನ್ನೂ ಕೆಟ್ಟದ್ದು. ನಾನೇ ಒಮ್ಮೆ ದಾಕ್ಷಿಣ್ಯಕ್ಕೆ ಹಾಗೆ ಹೇಳಿ, ಆಮೇಲೆ ತಿಂಗಳುಗಟ್ಟಲೆ ಒಬ್ಬ ಗೆಳತಿಯ ಫೋನ್ ಎತ್ತದೆ ತಪ್ಪಿಸಿಕೊಂಡು ಓಡಾಡಿದೆ. ಅವಳಿಗೆ ನೋವಾಗಿದ್ದು ಅದರಿಂದಲೇ.

ಹಾಗಾಗಿ ಕಾರಣ ಬೇಡ, ತೀರ್ಮಾನ ಹೇಳಿ. ಟೈಮ್ ಇಲ್ಲ ಅನ್ನೋದಕ್ಕೆ ಪರಿಹಾರ ಹುಡುಕಬಹುದು. ‘ನಾನು ಇಂಥ ಬಿಸಿನೆಸ್‌ಗೆ ಸೇರೋದಿಲ್ಲ’ ಅನ್ನೋದಕ್ಕೆ ಏನು ಪರಿಹಾರ ಹುಡುಕುತ್ತಾರೆ?

ಹೇಳುವ ಮುಂಚೆ ಅವಳ ಕಡೆಯಿಂದಲೂ ಸ್ವಲ್ಪ ನೋಡಿ. ಹೊಸದಾಗಿ ಸೇರಿದವರಿಗೆ ಕೊಡುವ ಮೊದಲ ಕೆಲಸವೇ ಗೊತ್ತಿರುವವರ ಹೆಸರಿನ ಪಟ್ಟಿ ಮಾಡೋದು. ನೆಂಟರು, ಅಕ್ಕಪಕ್ಕದವರು, ಹಳೇ ಕ್ಲಾಸ್‌ಮೇಟ್‌ಗಳು ಎಲ್ಲರೂ ಅದರಲ್ಲಿ ಬರುತ್ತಾರೆ. ಅವರನ್ನು ಸೇರಿಸಿಕೊಂಡ ಮೇಲಿನವರು, ಅಂದರೆ ‘ಅಪ್‌ಲೈನ್’, ಇವತ್ತು ಎಷ್ಟು ಜನರಿಗೆ ಫೋನ್ ಮಾಡಿದೆ ಅಂತ ಕೇಳುತ್ತಿರುತ್ತಾರೆ. ಎಷ್ಟೋ ಕಡೆ ಕಮಿಷನ್ ಸಿಗಬೇಕಾದರೆ ಪ್ರತಿ ತಿಂಗಳು ಇಷ್ಟು ಮಾಲು ಅಂತ ತಾವೇ ಕೊಳ್ಳಬೇಕು. ಅಂದರೆ ಅವಳು ನಿಮ್ಮನ್ನು ಮೋಸ ಮಾಡಬೇಕು ಅಂತ ಹೊರಟಿಲ್ಲ. ಬಹಳ ಮಟ್ಟಿಗೆ ನಂಬಿಕೊಂಡಿದ್ದಾಳೆ, ಜೊತೆಗೆ ಒತ್ತಡದಲ್ಲೂ ಇದ್ದಾಳೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ನೀನು ನನ್ನನ್ನ ನೆನೆಸಿಕೊಂಡಿದ್ದು ಖುಷಿಯಾಯ್ತು ಕಣೇ. ಆದರೆ ನಾನು ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಸೇರೋದಿಲ್ಲ, ಅದು ಯಾವ ಕಂಪನಿ ಆದ್ರೂ ಅಷ್ಟೇ. ಸುಮ್ನೆ ನಿನ್ನನ್ನ ಕಾಯಿಸೋದು ಬೇಡ ಅಂತ ಈಗಲೇ ಹೇಳ್ತಿದ್ದೀನಿ. ಬಿಸಿನೆಸ್ ವಿಷಯ ಬಿಟ್ಟು ಒಂದಿನ ಸಿಗೋಣ, ಭಾನುವಾರ ಆಗುತ್ತಾ?’

ಇದರಲ್ಲಿ ‘ಯಾವ ಕಂಪನಿ ಆದ್ರೂ’ ಅನ್ನುವ ಮಾತು ಮುಖ್ಯ. ಅವಳ ಕಂಪನಿಯನ್ನೋ ಅವಳ ಬುದ್ಧಿಯನ್ನೋ ನೀವು ಅಳೆಯುತ್ತಿಲ್ಲ. ‘ನಮ್ಮದು ಬೇರೆ ಥರ’ ಅಂತ ಹೇಳುವುದಕ್ಕೂ ಜಾಗ ಇರಲ್ಲ. ಕೊನೆಯ ಸಾಲನ್ನು ನಿಜವಾಗಿಯೂ ಸಿಗುವ ಮನಸ್ಸಿದ್ದರೆ ಮಾತ್ರ ಬರೆಯಿರಿ.

ಮತ್ತೆ ಕೇಳಿದರೆ? ಹೊಸ ಕಾರಣ ಹುಡುಕಬೇಡಿ. ‘ಆಗಲೇ ಹೇಳಿದೆನಲ್ಲ, ಬೇಡ ಕಣೇ. ನಿನ್ನ ಮಗಳು ಹೇಗಿದ್ದಾಳೆ?’ ಅಷ್ಟು ಸಾಕು. ಭೇಟಿಗೆ ‘ನಮ್ಮ ಸೀನಿಯರ್ ಒಬ್ಬರು ಬರ್ತಾರೆ’ ಅಂದರೆ, ಅಥವಾ ಫೋನಿನಲ್ಲಿ ಇದ್ದಕ್ಕಿದ್ದಂತೆ ಮೂರನೆಯವರು ಸೇರಿಕೊಂಡರೆ, ಅದು ಹರಟೆಯಲ್ಲ, ಪ್ಲಾನ್ ತೋರಿಸುವ ಮೀಟಿಂಗ್. ‘ನಾವಿಬ್ಬರೇ ಆದರೆ ಬರ್ತೀನಿ’ ಅಂತ ಹೇಳಿಬಿಡಿ.

ಬೇಡ ಅಂದ ತಪ್ಪಿಗೆ ಒಂದು ಸೋಪೋ ಪೌಡರೋ ಕೊಂಡುಬಿಡೋಣ ಅನಿಸುತ್ತದೆ, ಅಲ್ವಾ? ನಿಮಗೆ ನಿಜವಾಗಿ ಬೇಕಿದ್ದರೆ ಕೊಳ್ಳಿ. ದಾಕ್ಷಿಣ್ಯಕ್ಕೆ ಕೊಂಡರೆ ಮುಂದಿನ ತಿಂಗಳೂ ಫೋನ್ ಬರುತ್ತದೆ, ಏಕೆಂದರೆ ಅವಳ ಲೆಕ್ಕದಲ್ಲಿ ನೀವೀಗ ಗಿರಾಕಿ.

ವಾದಕ್ಕಂತೂ ಇಳಿಯಬೇಡಿ. ಒಬ್ಬೊಬ್ಬರು ಆರಾರು ಜನರನ್ನು ಸೇರಿಸುತ್ತಾ ಹೋದರೆ ಹದಿಮೂರನೇ ಹಂತಕ್ಕೇ 1,300 ಕೋಟಿ ಜನ ಬೇಕು, ಭೂಮಿ ಮೇಲೆ ಅಷ್ಟು ಜನ ಇಲ್ಲ. ಲೆಕ್ಕ ಸರಿಯಾಗೇ ಇದೆ. ಆದರೆ ದುಡ್ಡು ಹಾಕಿ ಕೂತವಳಿಗೆ ಅದು ‘ನೀನು ದಡ್ಡಿ’ ಅಂದಂತೆ ಕೇಳಿಸುತ್ತದೆ. ಅವಳಾಗಿ ‘ನಿನಗೇನನಿಸುತ್ತೆ’ ಅಂತ ಕೇಳಿದ ದಿನ ಹೇಳಿ. ಆಗ ಕಮಿಷನ್ ಎಷ್ಟು ಬಂತು, ಮಾಲು, ಮೀಟಿಂಗ್, ಓಡಾಟಕ್ಕೆ ಎಷ್ಟು ಹೋಯಿತು ಅಂತ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆದು ನೋಡಿ.

ನಿಮ್ಮ ಉತ್ತರದ ನಂತರ ಅವಳು ಸ್ವಲ್ಪ ದಿನ ಸುಮ್ಮನಾಗಬಹುದು. ಒಂದು ವಾರ ಬಿಟ್ಟು ನೀವೇ ಮೆಸೇಜ್ ಮಾಡಿ, ಹಳೇ ಕ್ಲಾಸ್ ಫೋಟೋ ಇದ್ದರೆ ಕಳಿಸಿ. ಇದರಿಂದ ಹೊರಬರುವವರಲ್ಲಿ ಎಷ್ಟೋ ಜನರಿಗೆ ಮಾರಾಟವಾಗದ ಡಬ್ಬಗಳಿಗಿಂತ ಜಾಸ್ತಿ ಕಾಡೋದು ನಾಚಿಕೆ. ತಾವು ಸೇರು ಸೇರು ಅಂತ ಬೆನ್ನುಬಿದ್ದವರಿಗೆ ಮತ್ತೆ ಫೋನ್ ಮಾಡುವ ಧೈರ್ಯ ಇರುವುದಿಲ್ಲ. ಅವತ್ತು ಅವಳು ನಿಮಗೆ ಫೋನ್ ಮಾಡಿದರೆ, ‘ನಾನು ಆಗಲೇ ಅಂದುಕೊಂಡಿದ್ದೆ’ ಅಂತ ಮಾತ್ರ ಹೇಳಬೇಡಿ.